ಬೀಗ ಯಾರದ್ದು, ಅಡ್ವಾನ್ಸ್ ಎಲ್ಲಿದೆ: ಖಾಲಿ ಮಳಿಗೆ ಬಾಡಿಗೆಗೆ ಕೊಡುವ ಮುನ್ನ

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮ ಮನೆಯ ಕೆಳಗೆ, ರಸ್ತೆ ಬದಿಗೆ, ಹತ್ತು ಅಡಿ ಅಗಲ ಇಪ್ಪತ್ತು ಅಡಿ ಉದ್ದದ ಮಳಿಗೆ ಇದೆ. ಅಮ್ಮನ ಹೆಸರಿನಲ್ಲಿದೆ. ಅಪ್ಪನ ಜವಳಿ ಅಂಗಡಿ ಮುಚ್ಚಿದ ಮೇಲೆ ಮೂರು ವರ್ಷದಿಂದ ಖಾಲಿ. ಅಡಿಕೆ ವ್ಯಾಪಾರದ ಪರಿಚಯಸ್ಥರೊಬ್ಬರು ಚೀಲಕ್ಕೆ ತಿಂಗಳಿಗೆ 40 ರೂಪಾಯಿ ಕೊಡ್ತೀನಿ, ಬೀಗದ ಕೈ ನಿಮ್ಮ ಹತ್ರನೇ ಇರಲಿ ಅಂತಾರೆ. ಇನ್ನೊಬ್ಬರು ಬೇಕರಿ ಇಡೋಕೆ 9,000 ಬಾಡಿಗೆ, 1 ಲಕ್ಷ ಅಡ್ವಾನ್ಸ್ ಕೊಡೋಕೆ ತಯಾರಿದ್ದಾರೆ. ಅಂಗಡಿಗೆ ಕೊಟ್ರೆ ಮತ್ತೆ ಬಿಡಿಸ್ಕೊಳ್ಳೋಕೆ ಆಗಲ್ಲ ಅಂತ ಮಾವ ಹೆದರಿಸ್ತಿದ್ದಾರೆ. ಯಾರಿಗೆ ಕೊಡಲಿ?

ಉತ್ತರ: ಬೇಕರಿಯವರಿಗೆ ಕೊಡಿ. ಆದರೆ ಮೂರು ಷರತ್ತು ಇಟ್ಟುಕೊಳ್ಳಿ. ಒಲೆ ನಿಮ್ಮ ಮಳಿಗೆಯೊಳಗೆ ಬರಬಾರದು. ಅಂಗಡಿಗೆ ಬೇರೆ ಮೀಟರ್ ಇರಬೇಕು. ಅಡ್ವಾನ್ಸ್ 1 ಲಕ್ಷ ಬೇಡ, ಅದರ ಅರ್ಧದಷ್ಟು ಸಾಕು, ಆ ಹಣವನ್ನೂ ನೀವು ಮುಟ್ಟಬಾರದು. ಹೆಚ್ಚು ಕೊಡುತ್ತೇನೆ ಎನ್ನುವವರ ಹತ್ತಿರ ಕಡಿಮೆ ತೆಗೆದುಕೊಳ್ಳಿ ಎನ್ನುವುದು ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಮಾವನವರ ಹೆದರಿಕೆಗೆ ಉತ್ತರ ಇರುವುದೂ ಅಲ್ಲಿಯೇ, ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಅಡಿಕೆಯ ವಿಷಯ ಮುಗಿಸೋಣ. ನಮ್ಮ ಕಡೆ ಖಾಲಿ ಕೋಣೆ ಇದ್ದವರಿಗೆಲ್ಲ ಬರುವ ಮೊದಲ ಬೇಡಿಕೆ ಇದೇ, ಮತ್ತು ಹೆಚ್ಚಿನವರು ಅದನ್ನು ಅತಿ ಸುಲಭದ ದಾರಿ ಎಂದುಕೊಳ್ಳುತ್ತಾರೆ. ಬಾಡಿಗೆದಾರ ಇಲ್ಲ, ಕರಾರು ಇಲ್ಲ, ಬಿಡಿಸುವ ರಗಳೆ ಇಲ್ಲ, ಚೀಲ ಬಂದು ಕೂರುತ್ತವೆ, ಹೋಗುತ್ತವೆ. ಆದರೆ ಆ ವ್ಯಾಪಾರಿ ಹೇಳಿದ ಒಂದು ಮಾತನ್ನು ಮತ್ತೊಮ್ಮೆ ಓದಿ: ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಅವರು ಅದನ್ನು ನಂಬಿಕೆಯ ಮಾತಾಗಿಯೇ ಹೇಳಿರಬಹುದು. ಕಾನೂನಿನ ಕಣ್ಣಿಗೆ ಮಾತ್ರ ಆ ಒಂದು ಮಾತಿನಿಂದ ಇಡೀ ವ್ಯವಹಾರವೇ ಬೇರೆಯಾಗುತ್ತದೆ.

ಮಳಿಗೆಯನ್ನು ಬಾಡಿಗೆಗೆ ಕೊಟ್ಟು ಅವರೇ ಬೀಗ ಹಾಕಿಕೊಂಡರೆ ನೀವು ಕೊಟ್ಟದ್ದು ಜಾಗ. ಒಳಗಿನ ಮಾಲು ಅವರದು, ಅದರ ಕಾವಲೂ ಅವರದು. ಬೀಗದ ಕೈ ನೀವಿಟ್ಟುಕೊಂಡು ಚೀಲಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಂಡರೆ ನೀವು ಕೊಟ್ಟದ್ದು ಜಾಗವಲ್ಲ, ಮಾಲನ್ನೇ ನಿಮ್ಮ ಸುಪರ್ದಿಗೆ ತೆಗೆದುಕೊಂಡಿದ್ದೀರಿ. 1872ರ ಕರಾರು ಕಾಯ್ದೆಯ 148ನೇ ಕಲಂ ಇದನ್ನು ನಿಕ್ಷೇಪ ಎನ್ನುತ್ತದೆ. 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಮಾಲನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಈ ಮಾಲನ್ನೂ ನೀವು ನೋಡಿಕೊಳ್ಳಬೇಕು. ಕಳುವಾದರೆ, ನೆನೆದರೆ, ಬೂಷ್ಟು ಬಂದರೆ, ನಾನು ಅಷ್ಟು ಜಾಗ್ರತೆ ವಹಿಸಿದ್ದೆ ಎಂದು ತೋರಿಸಿಕೊಡುವ ಹೊರೆ ನಿಮ್ಮ ತಲೆಗೆ ಬರುತ್ತದೆ.

ಆ ಹೊರೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕೋಣ. ಓಡಾಡಲು ದಾರಿ ಬಿಟ್ಟು, ಗೋಡೆಗೆ ತಾಗಿಸದೆ ಜೋಡಿಸಿದರೆ ನಿಮ್ಮ ಮಳಿಗೆಯಲ್ಲಿ 120 ಚೀಲ ಕೂರುತ್ತದೆ ಎಂದಿಟ್ಟುಕೊಳ್ಳಿ. ಚೀಲಕ್ಕೆ 65 ಕಿಲೋ ಅಂದರೆ 78 ಕ್ವಿಂಟಾಲ್. ರಾಶಿ ಅಡಿಕೆಗೆ ಕ್ವಿಂಟಾಲಿಗೆ 50,000 ಎಂದು ಹಿಡಿದರೂ ಒಳಗಿರುವುದು 39 ಲಕ್ಷದ ಮಾಲು. ಅದನ್ನು ಕಾಯುವುದಕ್ಕೆ ನಿಮಗೆ ಸಿಗುವುದು ತಿಂಗಳಿಗೆ 4,800 ರೂಪಾಯಿ, ಅದೂ ಮಳಿಗೆ ಪೂರ್ತಿ ತುಂಬಿದ್ದ ತಿಂಗಳು ಮಾತ್ರ.

ವರ್ಷವಿಡೀ ಅದು ತುಂಬಿರುವುದೂ ಇಲ್ಲ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ಚೀಲಕ್ಕೆ ಬೀಳುವ ಹೊತ್ತಿಗೆ ಡಿಸೆಂಬರ್, ಜನವರಿ ಆಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ತುಂಬಿರುತ್ತದೆ ಎನ್ನಿ. ಮುಂದಿನ ನಾಲ್ಕು ತಿಂಗಳು ಧಾರಣೆ ನೋಡಿಕೊಂಡು ಮಂಡಿಗೆ ಹೋಗುತ್ತಾ ಅರ್ಧಕ್ಕೆ ಇಳಿಯುತ್ತದೆ. ಕೊನೆಯ ನಾಲ್ಕು ತಿಂಗಳು ಹದಿನೈದು ಚೀಲ ಉಳಿದರೆ ಹೆಚ್ಚು. ಒಟ್ಟು ಸೇರಿಸಿದರೆ ವರ್ಷಕ್ಕೆ 31,200 ರೂಪಾಯಿ. ಬೇಕರಿಯ ಬಾಡಿಗೆ ವರ್ಷಕ್ಕೆ 1,08,000. ಅದರಲ್ಲಿ ಕಂದಾಯ, ಸುಣ್ಣಬಣ್ಣ, ಆಗೊಮ್ಮೆ ಈಗೊಮ್ಮೆ ಖಾಲಿ ಬೀಳುವ ತಿಂಗಳು ಎಲ್ಲಕ್ಕೂ 13,000 ಕಳೆದರೂ 95,000 ಉಳಿಯುತ್ತದೆ. ಮೂರು ಪಟ್ಟು ವ್ಯತ್ಯಾಸ, ಅದೂ ಕಾವಲಿನ ಹೊಣೆ ಇಲ್ಲದೆ.

ಅಡಿಕೆಯ ಇನ್ನೊಂದು ತೊಡಕು ತೂಕದ್ದು. ಒಣಗಿದ ಅಡಿಕೆ ಮಳೆಗಾಲದ ಗಾಳಿಯ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಜನವರಿಯಲ್ಲಿ ಇಟ್ಟ ಚೀಲ ಮೇನಲ್ಲಿ ತೂಗಿದಾಗ ಕಡಿಮೆ ಬಂದರೆ ಕದ್ದರು ಎಂಬ ಮಾತು ಏಳುತ್ತದೆ. ಬಣ್ಣ ಇಳಿದರೆ ಕೋಣೆ ಸರಿಯಿಲ್ಲ ಎಂಬ ಮಾತು. ಪರಿಚಯಸ್ಥರ ನಡುವೆ ಈ ಮಾತುಗಳು ಕೋರ್ಟಿಗೆ ಹೋಗುವುದಿಲ್ಲ, ಮದುವೆ ಮುಂಜಿಯ ಮನೆಗಳಲ್ಲಿ ಮುಖ ತಿರುಗಿಸುವವರೆಗೆ ಹೋಗುತ್ತವೆ. ನಾನು ಇಂಥ ನಾಲ್ಕಾರು ಮನಸ್ತಾಪ ಬಿಡಿಸಲು ಕೂತಿದ್ದೇನೆ, ಒಂದರಲ್ಲೂ ಯಾರೂ ಕದ್ದಿರಲಿಲ್ಲ.

ಆ ವ್ಯಾಪಾರಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಹೀಗೆ ಕೇಳಿ ನೋಡಿ: ಇಡೀ ಮಳಿಗೆಗೆ ತಿಂಗಳಿಗೆ ಇಷ್ಟು ಎಂದು ನಿಗದಿ ಬಾಡಿಗೆ, ಬೀಗ ಅವರದು, ವಿಮೆ ಅವರದು. ಒಪ್ಪಿದರೆ ಅದು ಯೋಚಿಸಬಹುದಾದ ಬೇಡಿಕೆ. ಒಪ್ಪದಿದ್ದರೆ, ಅವರಿಗೆ ಬೇಕಿದ್ದದ್ದು ಜಾಗವಲ್ಲ, ಕಡಿಮೆ ದುಡ್ಡಿಗೆ ಕಾವಲು ಎಂದು ನಿಮಗೇ ಗೊತ್ತಾಗುತ್ತದೆ.

ಈಗ ಮಾವನವರ ಹೆದರಿಕೆ. ಅದಕ್ಕೆ ಆಧಾರವಿಲ್ಲ ಎನ್ನಲಾರೆ, ಆದರೆ ಅದರ ಬೇರು ಹಳೆಯ ಕಾಲದಲ್ಲಿದೆ. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ ಅಂಗಡಿಯವರನ್ನು ಬಿಡಿಸಲು ಮಾಲೀಕರು ನಿಜವಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಆ ಕಾಯ್ದೆ ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ವ್ಯಾಪಾರದ ಮಳಿಗೆಗಳ ಪೈಕಿ ತಳವಿಸ್ತೀರ್ಣ 14 ಚದರ ಮೀಟರ್ ಮೀರದ ಪುಟ್ಟ ಅಂಗಡಿಗಳನ್ನಷ್ಟೇ ಅದು ತನ್ನೊಳಗೆ ಇಟ್ಟುಕೊಂಡಿದೆ. ನಿಮ್ಮ ಮಳಿಗೆ 200 ಚದರಡಿ, ಅಂದರೆ ಸುಮಾರು 18.5 ಚದರ ಮೀಟರ್. ಹಾಗಾಗಿ ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರಲ್ಲಿ ಮಳಿಗೆ ಬಿಡಿಸಿಕೊಳ್ಳಲು ಮಾಲೀಕರು ಕಾರಣ ಕೊಡಬೇಕಾಗಿಲ್ಲ. ಅವಧಿ ಮುಗಿದಿರಬೇಕು, ಇಲ್ಲವೇ ಸರಿಯಾದ ನೋಟಿಸ್ ಕೊಟ್ಟಿರಬೇಕು.

ಹಾಗಾದರೆ ಇವತ್ತಿಗೂ ಜನ ಯಾಕೆ ಒದ್ದಾಡುತ್ತಾರೆ? ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕಾನೂನಲ್ಲ, ಅಡ್ವಾನ್ಸ್. ಇದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಸಾಗರದಲ್ಲಿದ್ದ ನಮ್ಮ ಮಳಿಗೆಯನ್ನು ಅಪ್ಪ ಒಬ್ಬ ಪುಸ್ತಕದಂಗಡಿಯವರಿಗೆ ಕೊಟ್ಟಿದ್ದರು, 80,000 ಅಡ್ವಾನ್ಸ್ ಪಡೆದು. ಆ ದುಡ್ಡು ಅಕ್ಕನ ಮದುವೆಗೆ ಹೋಯಿತು. ಏಳು ವರ್ಷದ ನಂತರ ತಮ್ಮನಿಗೆ ಮಳಿಗೆ ಬೇಕಾಯಿತು. ಬಾಡಿಗೆದಾರರು ಜಗಳವಾಡಲಿಲ್ಲ. ದುಡ್ಡು ಕೈಗಿಡಿ, ಮರುದಿನ ಬೀಗದ ಕೈ ಕೊಡ್ತೀನಿ ಎಂದರು. ನಮ್ಮ ಕೈಯಲ್ಲಿ 80,000 ಇರಲಿಲ್ಲ. ಅಡಿಕೆ ದುಡ್ಡು ಬಂದ ಮೇಲೆ ಎಂದು ಅಪ್ಪ ಹೇಳಿದರು, ಆ ವರ್ಷ ತೋಟಕ್ಕೆ ಕೊಳೆ ರೋಗ ಬಂತು. ಹದಿನಾಲ್ಕು ತಿಂಗಳು ಹಾಗೆಯೇ ಕಳೆಯಿತು, ತಮ್ಮ ಅಷ್ಟೂ ಕಾಲ ಬೇರೆಯವರ ಮಳಿಗೆಗೆ ಬಾಡಿಗೆ ಕಟ್ಟಿದ. ಊರಿನಲ್ಲಿ ಮಾತ್ರ, ಅಂಗಡಿಯವರು ಬಿಡ್ತಿಲ್ಲವಂತೆ ಎಂದೇ ಸುದ್ದಿ. ಬಿಡದೆ ಇದ್ದದ್ದು ಅವರಲ್ಲ. ಅವರಿಗೆ ಕೊಡಬೇಕಾದ ಹಣವನ್ನು ಕೊಡಲಾಗದೆ ಇದ್ದದ್ದು ನಾವು.

ಅದಕ್ಕೇ ಹೇಳುತ್ತಿದ್ದೇನೆ, 1 ಲಕ್ಷದ ಅಡ್ವಾನ್ಸ್ ನೋಡಿ ಸಂತೋಷಪಡಬೇಡಿ. ಅಡ್ವಾನ್ಸ್ ನಿಮ್ಮ ಗಳಿಕೆಯಲ್ಲ, ಬಾಡಿಗೆ ನಿಂತುಹೋದಾಗ ನೋಟಿಸ್ ಅವಧಿಯನ್ನೂ ಉಳಿದ ಕರೆಂಟ್ ಬಿಲ್ಲನ್ನೂ ಒಡೆದ ಶಟರಿನ ರಿಪೇರಿಯನ್ನೂ ತುಂಬಿಕೊಳ್ಳಲು ಇರುವ ಠೇವಣಿ. ನಿಮ್ಮ ಲೆಕ್ಕಕ್ಕೆ ಎರಡು ತಿಂಗಳ ಬಾಕಿ, ಮೂರು ತಿಂಗಳ ನೋಟಿಸ್, ಒಂದು ತಿಂಗಳ ಬಾಡಿಗೆಯಷ್ಟು ರಿಪೇರಿ ಮತ್ತು ಬಿಲ್ಲು. ಆರು ತಿಂಗಳು, ಅಂದರೆ 54,000. ಅದನ್ನು ಅಮ್ಮನ ಹೆಸರಿನಲ್ಲಿ ನಿಶ್ಚಿತ ಠೇವಣಿಗೆ ಹಾಕಿಬಿಡಿ. ಬಾಂಡು ಬೀರುವಿನಲ್ಲಿ ಬಾಡಿಗೆ ಕರಾರಿನ ಜೊತೆಗೇ ಇರಲಿ. ಹೆಚ್ಚುವರಿ 46,000 ಕೊಡಲು ಅವರು ತಯಾರಿದ್ದರೆ, ಅದರ ಬದಲು ತಿಂಗಳ ಬಾಡಿಗೆ 300 ರೂಪಾಯಿ ಜಾಸ್ತಿ ಮಾಡಿ ಎಂದು ಕೇಳಿ. 46,000ಕ್ಕೆ ಬ್ಯಾಂಕು ಕೊಡುವ ಬಡ್ಡಿಗಿಂತ ಅದು ಹೆಚ್ಚೇ ಆಗುತ್ತದೆ, ಹಿಂದಿರುಗಿಸಬೇಕಾದ ಸಾಲವಂತೂ ಅಲ್ಲ.

ಕರಾರಿನ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಹನ್ನೊಂದು ತಿಂಗಳದ್ದು. ಹನ್ನೊಂದು ತಿಂಗಳಿಗೆ ಬರೆಸಿದರೆ ಹನ್ನೆರಡನೇ ತಿಂಗಳು ಬಾಡಿಗೆದಾರರು ತಾವಾಗಿಯೇ ಹೊರಗೆ ಎಂದು ಎಷ್ಟೋ ಜನ ನಂಬಿದ್ದಾರೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನಾಗಲಿ, ವರ್ಷದಿಂದ ವರ್ಷಕ್ಕೆ ಎಂದು ಕೊಟ್ಟದ್ದನ್ನಾಗಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳು ಎಂದು ಬರೆಯುವುದು ಆ ಕಡ್ಡಾಯದಿಂದ ಹೊರಗಿರಲು, ಅಷ್ಟೇ. ಹನ್ನೆರಡನೇ ತಿಂಗಳು ಅವರು ಬಾಡಿಗೆ ಕೊಟ್ಟು ನೀವು ತೆಗೆದುಕೊಂಡರೆ, ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಅವರು ತಿಂಗಳ ಲೆಕ್ಕದ ಬಾಡಿಗೆದಾರರಾಗಿ ಮುಂದುವರಿಯುತ್ತಾರೆ. ಆಗ ಬಿಡಿಸಲು 106ನೇ ಕಲಂ ಅಡಿ ಹದಿನೈದು ದಿನದ ನೋಟಿಸ್ ಬೇಕು. ಹತ್ತನೇ ತಿಂಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು, ಮುಂದುವರಿಸುವುದಾದರೆ ಬಾಡಿಗೆ ಶೇ. 5 ಏರಿಸಿ ಹೊಸ ಕರಾರು ಬರೆಸಿ. 9,000 ಮರುವರ್ಷ 9,450 ಆಗುತ್ತದೆ, ಯಾರಿಗೂ ನೋವಾಗದ ಏರಿಕೆ. ಐದು ವರ್ಷ ಸುಮ್ಮನಿದ್ದು ಒಮ್ಮೆಲೇ 12,000 ಕೇಳಿದರೆ ಮಾತ್ರ ಮಾತು ಬೆಳೆಯುತ್ತದೆ.

ಬೇಕರಿಗೆ ಕೊಡುವವರು ಗಮನಿಸದ ಒಂದು ಸೂಕ್ಷ್ಮ ಇದೇ 106ನೇ ಕಲಂನಲ್ಲಿದೆ. ತಯಾರಿಕೆಯ ಉದ್ದೇಶಕ್ಕೆ ಕೊಟ್ಟ ಜಾಗವನ್ನು ಅದು ವರ್ಷದಿಂದ ವರ್ಷಕ್ಕೆ ಕೊಟ್ಟದ್ದೆಂದು ಭಾವಿಸುತ್ತದೆ, ಅದನ್ನು ಬಿಡಿಸಲು ಆರು ತಿಂಗಳ ನೋಟಿಸ್ ಬೇಕು. ಬ್ರೆಡ್ಡು, ಬಿಸ್ಕೆಟ್ಟು, ಖಾರ ಎಲ್ಲವನ್ನೂ ಒಳಗೇ ಮಾಡಲು ಬಿಟ್ಟಿರಿ ಎನ್ನಿ. ನಾಳೆ ಅವರ ವಕೀಲರು ಇದು ತಯಾರಿಕಾ ಘಟಕ, ಹದಿನೈದು ದಿನದ ನೋಟಿಸ್ ನಡೆಯದು ಎಂದು ವಾದಿಸಬಹುದು. ವಾದ ಗೆಲ್ಲುತ್ತದೋ ಇಲ್ಲವೋ, ದಿನ ಹೋಗುತ್ತದೆ. ಈ ನಿಯಮ ಅನ್ವಯಿಸುವುದು ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ. ಆದ್ದರಿಂದ ಕರಾರಿನಲ್ಲಿ ಎರಡು ವಾಕ್ಯ ಇರಲಿ. ಒಂದು, ಈ ಮಳಿಗೆಯನ್ನು ತಯಾರಾದ ತಿನಿಸುಗಳ ಮಾರಾಟಕ್ಕೆ ಮಾತ್ರ ಬಳಸತಕ್ಕದ್ದು, ಇಲ್ಲಿ ಬೇಯಿಸುವುದು, ಕರಿಯುವುದು ಕೂಡದು. ಎರಡು, ಯಾವ ಕಡೆಯವರಾದರೂ ಮೂರು ತಿಂಗಳ ಲಿಖಿತ ನೋಟಿಸ್ ಕೊಟ್ಟು ಬಾಡಿಗೆ ಮುಗಿಸಬಹುದು. ಮೂರು ತಿಂಗಳು ಹೆಚ್ಚಾಯಿತು ಎನಿಸಬಹುದು. ಅಂಗಡಿಯವರಿಗೆ ಬೇರೆ ಜಾಗ ಹುಡುಕಿ ಗಿರಾಕಿಗಳಿಗೆ ತಿಳಿಸಲು ಅಷ್ಟು ಕಾಲ ಬೇಕು, ಅಷ್ಟು ಸಿಕ್ಕರೆ ಅವರೂ ಸಮಾಧಾನದಿಂದ ಹೊರಡುತ್ತಾರೆ. ಒಲೆ ಬೇಡ ಎನ್ನಲು ಇನ್ನೊಂದು ಕಾರಣ, ಅದರ ನೇರ ಮೇಲೆ ನೀವು ಮಲಗುವ ಕೋಣೆ ಇದೆ. ಬೇಯಿಸುವ ಜಾಗ ಬೇರೆ ಕಡೆ ಇದೆಯೇ ಎಂದು ಕೇಳುವುದಷ್ಟೇ ಅಲ್ಲ, ಒಮ್ಮೆ ಹೋಗಿ ನೋಡಿ ಬನ್ನಿ. ಅಲ್ಲಿನ ನೈರ್ಮಲ್ಯ ಕಂಡರೆ ನಿಮ್ಮ ಮಳಿಗೆಯನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದೂ ಕಾಣುತ್ತದೆ.

ಸ್ಟ್ಯಾಂಪ್ ಪೇಪರಿನ ಮೊತ್ತ ಬಾಡಿಗೆ, ಅಡ್ವಾನ್ಸು, ಅವಧಿಗಳ ಮೇಲೆ ನಿಂತಿದೆ. ಎಲ್ಲರೂ ತರುವ ಪೇಪರನ್ನೇ ತರದೆ ಲೆಕ್ಕ ಹಾಕಿಸಿ ತನ್ನಿ. ಕಡಿಮೆ ಮುದ್ರಾಂಕದ ಪತ್ರವನ್ನು ಸಾಕ್ಷ್ಯಕ್ಕೆ ಹಾಜರು ಮಾಡಿದರೆ ಕೋರ್ಟು ಅದನ್ನು ತಡೆಹಿಡಿದು, ಬಾಕಿ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ದಂಡ ಕಟ್ಟಿಸಿಕೊಳ್ಳಬಹುದು. ಸಹಿ ಅಮ್ಮನದೇ ಇರಲಿ, ಬಾಡಿಗೆಯೂ ಅವರ ಬ್ಯಾಂಕ್ ಖಾತೆಗೇ ಬರಲಿ. ಮಗನೋ ಮಗಳೋ ನೋಡಿಕೊಳ್ಳುತ್ತಾರೆ ಎಂದು ಬೇರೆಯವರ ಹೆಸರಿನಲ್ಲಿ ಬರೆದರೆ, ನೋಟಿಸ್ ಕೊಡುವ ದಿನ ನೀವು ಯಾರು ಎಂಬ ಪ್ರಶ್ನೆ ಏಳುತ್ತದೆ.

ನೋಟಿಸ್ ಕೊಡುವ ದಿನ ಬಂದರೆ ಎರಡು ವಿಷಯ ನೆನಪಿಡಿ. ನೋಟಿಸನ್ನು ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಅವಧಿ ಮುಗಿದ ಮೇಲೆ ಬಾಡಿಗೆ ಎಂಬ ಹೆಸರಿನಲ್ಲಿ ಹಣ ತೆಗೆದುಕೊಳ್ಳಬೇಡಿ. ಹಾಗೆ ತೆಗೆದುಕೊಂಡರೆ ನೋಟಿಸನ್ನು ನೀವೇ ಕೈಬಿಟ್ಟಿರಿ ಎಂದು ವಾದಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಂ ದಾರಿ ಕೊಡುತ್ತದೆ. ಇನ್ನು, ಎಷ್ಟೇ ಸಿಟ್ಟು ಬಂದರೂ ಅವರ ಬೀಗದ ಮೇಲೆ ನಿಮ್ಮ ಬೀಗ ಹಾಕಬೇಡಿ, ಸಾಮಾನು ಹೊರಗಿಡಬೇಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಕಾನೂನು ಕ್ರಮವಿಲ್ಲದೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಹಿಂದೆ ಪಡೆಯಬಹುದು. ಮಳಿಗೆ ನಿಮ್ಮದೇ ಆಗಿದ್ದರೂ ಆ ದಾವೆಯಲ್ಲಿ ಅದು ಉತ್ತರವಾಗುವುದಿಲ್ಲ. ಗೆಲ್ಲಬಹುದಾದ ಮಾಲೀಕರು ಸೋಲುವುದು ಇಲ್ಲಿ.

ಅಲ್ಲಿಗೆ ಹೋಗುವ ಮೊದಲು ಸೂಚನೆಗಳು ಕಾಣುತ್ತವೆ. ಐದನೇ ತಾರೀಕು ಬರುತ್ತಿದ್ದ ಬಾಡಿಗೆ ಹನ್ನೆರಡಕ್ಕೆ, ಇಪ್ಪತ್ತಕ್ಕೆ ಜಾರುತ್ತದೆ. ಗಲ್ಲಾದಲ್ಲಿ ನಿಮಗೆ ಗೊತ್ತಿಲ್ಲದ ಹೊಸಬರು ಕೂತಿರುತ್ತಾರೆ, ವಿಚಾರಿಸಿದರೆ ಪಾರ್ಟ್ನರ್ ಎನ್ನುತ್ತಾರೆ. ಅದು ಒಳಬಾಡಿಗೆ ಇರಬಹುದು. ಎಲ್ಲಕ್ಕಿಂತ ಖಚಿತವಾದ ಸೂಚನೆ ಒಂದು ಮಾತು: ಈ ತಿಂಗಳದ್ದು ಅಡ್ವಾನ್ಸಲ್ಲಿ ಮುರ್ಕೊಳ್ಳಿ. ಒಮ್ಮೆ ಹೂಂ ಎಂದರೆ ಮುಂದಿನ ತಿಂಗಳೂ ಅದೇ ಮಾತು ಬರುತ್ತದೆ. ಆರು ತಿಂಗಳಲ್ಲಿ ನಿಮ್ಮ ಠೇವಣಿ ಸೊನ್ನೆಯಾಗಿ, ಬಾಡಿಗೆದಾರರು ಮಾತ್ರ ಒಳಗಿರುತ್ತಾರೆ. ಮಳಿಗೆ ಖಾಲಿ ಮಾಡುವ ದಿನದವರೆಗೆ ಅಡ್ವಾನ್ಸನ್ನು ಬಾಡಿಗೆಗೆ ವಜಾ ಮಾಡತಕ್ಕದ್ದಲ್ಲ ಎಂದು ಕರಾರಿನಲ್ಲೇ ಬರೆಸಿ. ಮೊದಲ ಸಲ ಕೇಳಿದಾಗ ಕರಾರು ತೋರಿಸಿ ನಯವಾಗಿ ಇಲ್ಲ ಎನ್ನಿ, ಬೇಕಾದರೆ ಹದಿನೈದು ದಿನ ಗಡುವು ಕೊಡಿ.

ಕರೆಂಟಿನ ವಿಷಯದಲ್ಲಿ ಆತುರ ಬೇಡ. ಜವಳಿ ಅಂಗಡಿ ಮುಚ್ಚಿದಾಗ ಅದರ ಮೀಟರ್ ತೆಗೆಸಿ ಮಳಿಗೆಯ ದೀಪವನ್ನು ಮನೆ ಮೀಟರಿಗೆ ಸೇರಿಸಿದ್ದರೆ, ಬೇಕರಿಯವರಿಗೆ ಹಾಗೆಯೇ ಕೊಡಬೇಡಿ. ಮನೆ ಬಳಕೆಯ ಮೀಟರಿನಿಂದ ಅಂಗಡಿ ನಡೆಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ, ಸಂಬಂಧಪಟ್ಟ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಬಹುದು. ಬಿಲ್ಲು ಬರುವುದು ಮೀಟರ್ ಯಾರ ಹೆಸರಿನಲ್ಲಿದೆಯೋ ಅವರಿಗೆ, ಅಂದರೆ ನಿಮಗೆ. ಗೃಹಜ್ಯೋತಿ ಇರುವುದೂ ಮನೆ ಬಳಕೆಗೆ ಮಾತ್ರ. ಮೆಸ್ಕಾಂ ಕಚೇರಿಯಲ್ಲಿ ಮಳಿಗೆಗೆ ವಾಣಿಜ್ಯ ಬಳಕೆಯ ಬೇರೆ ಸಂಪರ್ಕ ಕೇಳಿ. ಎಷ್ಟು ಕಿಲೋವ್ಯಾಟ್ ಎಂಬುದನ್ನು ಬೇಕರಿಯವರನ್ನು ಕೂರಿಸಿಕೊಂಡೇ ನಿರ್ಧರಿಸಿ. ಗಾಜಿನ ಕೂಲಿಂಗ್ ಕೌಂಟರು, ಐಸ್‌ಕ್ರೀಮ್ ಫ್ರೀಜರು ಹಗಲು ರಾತ್ರಿ ಓಡುತ್ತವೆ, ಜವಳಿ ಅಂಗಡಿಯ ಎರಡು ಟ್ಯೂಬ್‌ಲೈಟಿನ ವೈರು ಅದಕ್ಕೆ ಸಾಲದು. ಪ್ರತಿ ತಿಂಗಳು ಕಟ್ಟಿದ ಬಿಲ್ಲಿನ ಫೋಟೋ ಬಾಡಿಗೆಯ ಜೊತೆಗೇ ಕಳಿಸಬೇಕೆಂದು ಮೊದಲೇ ಹೇಳಿಬಿಡಿ.

ಮೂರು ವರ್ಷ ಶಟರ್ ಎಳೆದೇ ಇದ್ದ ಮಳಿಗೆ ಎಂದಿರಿ. ತೀರ್ಥಹಳ್ಳಿಯ ಮೂರು ಮಳೆಗಾಲ ಗಾಳಿಯಾಡದೆ ಕಳೆದ ಕೋಣೆಯ ಗೋಡೆ ಹೇಗಿರುತ್ತದೆ ಎಂದು ಊಹಿಸಬಲ್ಲೆ. ಬಾಡಿಗೆದಾರರು ಫೆಬ್ರವರಿಯಲ್ಲಿ ನೋಡಿದಾಗ ಏನೂ ಕಾಣುವುದಿಲ್ಲ. ಪುಷ್ಯ, ಆಶ್ಲೇಷಾ ಮಳೆ ಹಿಡಿದ ಮೇಲೆ ಬಿಸ್ಕೆಟ್ಟು ಮೆತ್ತಗಾಗುತ್ತದೆ, ರಟ್ಟಿನ ಪೆಟ್ಟಿಗೆಗಳ ತಳ ಬೂಷ್ಟು ಹಿಡಿಯುತ್ತದೆ, ಆಗ ಬಾಡಿಗೆ ಇಳಿಸಿ ಎಂಬ ಮಾತು ಶುರುವಾಗುತ್ತದೆ. ಹಾಗಾಗಿ ತೇವ ಎಲ್ಲಿಂದ ಬರುತ್ತಿದೆ ಎಂದು ಮಳೆಗಾಲದಲ್ಲಿ ನೀವೇ ಪರೀಕ್ಷಿಸಿ. ಎರಡಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೊಂದು, ಗೋಡೆಗೊಂದು ಇಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿ ಹೋಗದಂತೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈ ಬೆವರಿದ್ದರೆ ನೀರು ನೆಲದಿಂದಲೋ ಗೋಡೆಯಿಂದಲೋ ಏರುತ್ತಿದೆ. ಹೊರಮೈ ಮಾತ್ರ ಬೆವರಿದ್ದರೆ ಅದು ಗಾಳಿಯ ತೇವ.

ಗಾಳಿಯ ತೇವಕ್ಕೆ ಮದ್ದು ಸುಲಭ. ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಜಾಲರಿ ಇರುವ ಗವಾಕ್ಷಿ, ಒಂದು ಎಕ್ಸಾಸ್ಟ್ ಫ್ಯಾನು, ದಿನಾ ತೆರೆಯುವ ಶಟರು ಇದ್ದರೆ ಅರ್ಧಕ್ಕರ್ಧ ಹೋಗುತ್ತದೆ. ಒಳಮೈ ಬೆವರಿದ್ದರೆ ಬಣ್ಣ ಬಳಿದು ಮುಚ್ಚಬೇಡಿ, ಮೊದಲು ಹೊರಗೆ ನೋಡಿ. ನಮ್ಮ ಪೇಟೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ಕಾರಣ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ ಹಳೆಯ ಮಳಿಗೆಯ ನೆಲ ತಗ್ಗಿಗೆ ಹೋಗಿರುವುದು. ಶಟರಿನ ಬುಡದಲ್ಲಿ ನೀರು ನಿಂತು ಒಳಗೆ ಜಿನುಗುತ್ತದೆ. ಅಲ್ಲಿ ಆರಿಂಚಿನ ಹೊಸ್ತಿಲು ಕಟ್ಟಿಸಿ, ಚರಂಡಿಗೆ ಇಳಿಜಾರು ಕೊಡಿ. ಎರಡನೆಯದು, ಮೇಲಿನ ಮನೆಯ ಬಚ್ಚಲಿನ ಪೈಪು ಸೋರುವುದು. ಅದಕ್ಕೆ ಮಳೆ ಬೇಕಿಲ್ಲ, ಬೇಸಿಗೆಯಲ್ಲೂ ಆ ಮೂಲೆ ಒದ್ದೆ ಇರುತ್ತದೆ. ರಿಪೇರಿ ಮಾಡಿಸಿದ ಮೇಲೆಯೇ ಮಳಿಗೆ ತೋರಿಸಿ. ಅಷ್ಟು ಖರ್ಚು ಈಗ ಆಗದು ಎಂದರೆ ಮರೆಮಾಚದೆ ಹೇಳಿ, ಗೋಡೆಯಿಂದ ಒಂದಡಿ ಬಿಟ್ಟು ಕಪಾಟು ಇಡಬೇಕೆಂದು ಕರಾರಿನಲ್ಲಿ ಬರೆಸಿ.

ತೆರಿಗೆಗೆ ಹೆದರಬೇಡಿ. ಬಾಡಿಗೆ ವರ್ಷಕ್ಕೆ 1,08,000, ಅಮ್ಮ ಕಟ್ಟಿದ ಕಂದಾಯ 4,000 ಎಂದಿಟ್ಟುಕೊಂಡರೆ ಉಳಿಯುವುದು 1,04,000. ಇದರಲ್ಲಿ ಶೇ. 30, ಅಂದರೆ 31,200 ರೂಪಾಯಿಯನ್ನು ರಿಪೇರಿಯ ಲೆಕ್ಕಕ್ಕೆ, ನೀವು ಖರ್ಚು ಮಾಡಿದ್ದರೂ ಮಾಡದಿದ್ದರೂ, ಬಿಟ್ಟುಬಿಡುತ್ತಾರೆ. ಆದಾಯವೆಂದು ಲೆಕ್ಕಕ್ಕೆ ಬರುವುದು 72,800. ಅಮ್ಮನಿಗೆ ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ಕಟ್ಟಬೇಕಾದ ತೆರಿಗೆ ಏನೂ ಇರುವುದಿಲ್ಲ. ಬೇಕರಿಯವರು ಜಿಎಸ್‌ಟಿ ನೋಂದಣಿ ಇದ್ದು ಮಾಮೂಲಿ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾಗಿದ್ದರೆ, 2024ರ ಅಕ್ಟೋಬರ್ 10ರಿಂದ ಇಂಥ ಬಾಡಿಗೆಯ ಮೇಲಿನ ಶೇ. 18 ಜಿಎಸ್‌ಟಿಯನ್ನು ಅವರೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಆ ಮೊತ್ತವನ್ನು ನಿಮ್ಮ ಬಾಡಿಗೆಯಲ್ಲಿ ಮುರಿದುಕೊಳ್ಳಲು ಕೇಳಿದರೆ ಒಪ್ಪಬೇಕಾಗಿಲ್ಲ. ಪಟ್ಟಣ ಪಂಚಾಯಿತಿಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ ಅವರ ಕೆಲಸ. ನಿಮ್ಮಿಂದ ಕರಾರಿನ ಪ್ರತಿ, ಕಂದಾಯ ರಶೀದಿ ಕೇಳುತ್ತಾರೆ, ಕೊಡಿ. ಮಳಿಗೆ ದಾಖಲೆಯಲ್ಲಿ ವಾಸದ ಕಟ್ಟಡ ಎಂದಿದ್ದರೆ ಅದನ್ನು ವಾಣಿಜ್ಯ ಎಂದು ಸರಿಪಡಿಸಿಕೊಳ್ಳುವುದು ನಿಮ್ಮ ಕೆಲಸ. ಕಂದಾಯ ಏರುತ್ತದೆ, ಅದನ್ನು ಸೇರಿಸಿಕೊಂಡೇ ಬಾಡಿಗೆ ನಿಗದಿ ಮಾಡಿ.

ಬೀಗದ ಕೈ ಕೊಡುವ ದಿನ ಬೇಕರಿಯವರನ್ನು ಜೊತೆಗೇ ನಿಲ್ಲಿಸಿಕೊಂಡು ನಾಲ್ಕು ಗೋಡೆ, ನೆಲ, ಶಟರು, ಸ್ವಿಚ್‌ಬೋರ್ಡುಗಳ ಫೋಟೋ ತೆಗೆಯಿರಿ, ಮೀಟರಿನ ಅಂಕಿಯನ್ನು ಕರಾರಿನ ಕೊನೆಯ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಎರಡು ಬೀಗದ ಕೈಗಳನ್ನೂ ಅವರಿಗೇ ಕೊಟ್ಟುಬಿಡಿ, ಒಂದು ನಮ್ಮಲ್ಲಿರಲಿ ಎನ್ನಬೇಡಿ. ಯಾವತ್ತಾದರೂ ಗಲ್ಲಾದ ದುಡ್ಡು ಕಾಣೆಯಾದರೆ, ಆ ಇನ್ನೊಂದು ಕೈ ನಿಮ್ಮ ಮನೆಯ ಮೊಳೆಗೆ ನೇತಾಡುತ್ತಿರಬಾರದು.